ಎರಡು ಐನೂರರ ನೋಟು, ಒಂದು ತಪ್ಪು ಫೋಟೊ: ಮಂಡ್ಯದ ದಿನಸಿ ಅಂಗಡಿಯೊಂದರ ಪ್ರಕರಣ

ಇದು ಮಂಡ್ಯದ ಒಂದು ಸಣ್ಣ ದಿನಸಿ ಅಂಗಡಿಯಲ್ಲಿ ನಡೆದದ್ದು. ಗುರುತು ಸಿಗಬಾರದು ಅಂತ ಬಡಾವಣೆ, ಹೆಸರು, ಅಂಗಡಿಯ ವಿವರ ಎಲ್ಲ ಬಿಟ್ಟಿದ್ದೇನೆ. ನೋಟುಗಳ ವಿಷಯ ಮಾತ್ರ ನಡೆದ ಹಾಗೇ ಇದೆ. ನಾನು ತುಂಬಾ ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು ರಿಟೈರ್ ಆದವನು. ಆ ಅಂಗಡಿಯವರು ನನಗೆ ಹಳೇ ಪರಿಚಯ, ಹಾಗಾಗಿ ಫೋನು ನನಗೆ ಬಂತು.

ಅಂಗಡಿ ಗಂಡ ಹೆಂಡತಿ ಇಬ್ಬರದು. ಬೆಳಗ್ಗೆ ಗಂಡ, ಸಂಜೆ ಹೆಂಡತಿ ಗಲ್ಲಾದಲ್ಲಿ ಕೂರುತ್ತಾರೆ. ಈಗ ಅರ್ಧಕ್ಕರ್ಧ ಜನ ಫೋನಿನಲ್ಲೇ ದುಡ್ಡು ಹಾಕಿದರೂ, ಕಬ್ಬಿನ ಸೀಸನ್ನಿನಲ್ಲಿ ಕೂಲಿ ದುಡ್ಡು ಕೈಗೆ ಬರುವ ದಿನಗಳಲ್ಲಿ ಐನೂರರ ನೋಟು ಜಾಸ್ತಿ ಓಡಾಡುತ್ತದೆ. ಅಂಥ ಒಂದು ಶುಕ್ರವಾರ ಸಂಜೆ ಏಳೂವರೆ ಹೊತ್ತಿಗೆ ಕರೆಂಟು ಹೋಗಿತ್ತು. ಅಂಗಡಿಯಲ್ಲಿ ಒಂದು ಚಾರ್ಜಿಂಗ್ ಬಲ್ಬು ಮಾತ್ರ ಉರಿಯುತ್ತಿತ್ತು, ಅದೂ ಹಿಂದಿನ ಗೋಡೆಗೆ. ಬೈಕಿನಲ್ಲಿ ಬಂದ ಒಬ್ಬರು ಎಣ್ಣೆ, ಬೇಳೆ, ಸಕ್ಕರೆ ಅಂತ 860 ರೂಪಾಯಿ ಸಾಮಾನು ತಗೊಂಡು ಎರಡು ಐನೂರರ ನೋಟು ಕೊಟ್ಟರು. 140 ಚಿಲ್ಲರೆ ತಗೊಂಡು ಹೋದರು. ಮುಖ ಪರಿಚಯ ಇಲ್ಲ.

ರಾತ್ರಿ ಗಲ್ಲಾ ಎಣಿಸುವಾಗ ಆ ಅಕ್ಕನಿಗೆ ಎರಡು ನೋಟಿನ ಮೇಲೆ ಅನುಮಾನ ಬಂತು. ಇಲ್ಲಿ ಸ್ವಲ್ಪ ಗಮನ ಕೊಡಿ, ಮುಂದಿನದೆಲ್ಲ ಈ ಎರಡು ನೋಟಿನ ಮೇಲೇ ನಿಂತಿದೆ. ಮೊದಲನೆಯದು ಬೆಳಗ್ಗೆ ಎದುರಿನ ಹೋಟೆಲಿನವರು ಕೊಟ್ಟದ್ದು. ಎಂದೋ ಪ್ಯಾಂಟಿನ ಜೇಬಿನಲ್ಲಿ ಒಗೆದು ಹೋಗಿ ಬಣ್ಣ ಕಳಕೊಂಡು, ಒಣಗಿ ಬಲತುದಿ ಮೇಲಕ್ಕೆ ಬಾಗಿತ್ತು. ಅದರ ನಂಬರಿನ ಮಧ್ಯೆ ಒಂದು ನಕ್ಷತ್ರ ಬೇರೆ ಇತ್ತು. ಎರಡನೆಯದು ಬೈಕಿನವರು ಕೊಟ್ಟ ಎರಡರಲ್ಲಿ ಒಂದು. ಗರಿಗರಿಯಾಗಿತ್ತು, ಆದರೆ ಎಣಿಸುವಾಗ ಬೆರಳಿಗೆ ಏನೋ ನುಣುಪು ಅನ್ನಿಸಿತಂತೆ. ಬರೆಯಲು ಸುಲಭ ಆಗಲಿ ಅಂತ ಇವನ್ನು ಒಗೆದ ನೋಟು, ಗರಿ ನೋಟು ಅಂತ ಕರೆಯುತ್ತೇನೆ.

ಮೊದಲ ಫೋಟೊ

ಮಗ ಎರಡೂ ನೋಟನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಫ್ಲ್ಯಾಶ್ ಹಾಕಿ, ಒಂದು ಫೋಟೊ ತೆಗೆದು ವ್ಯಾಪಾರಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿದ. ಹತ್ತು ನಿಮಿಷದಲ್ಲಿ ತೀರ್ಪು ಬಂತು. ಒಗೆದದ್ದು ಖೋಟಾ, ಗರಿ ನೋಟು ಒಳ್ಳೇದು. ಯಾಕೆ ಅಂದರೆ ಒಂದು, ನಕ್ಷತ್ರ ಇದೆ. ಎರಡು, ಕೆಳಗೆ ಬಲಗಡೆ ಇರುವ ₹500 ಅನ್ನೋ ಅಂಕಿ ಒಗೆದ ನೋಟಿನಲ್ಲಿ ನೀಲಿ ಕಾಣುತ್ತಿದೆ, ಗರಿ ನೋಟಿನಲ್ಲಿ ಸರಿಯಾಗಿ ಹಸಿರು ಇದೆ. ಮೂರು, ಗರಿ ನೋಟಿನಲ್ಲಿ ಗಾಂಧೀಜಿ ವಾಟರ್‌ಮಾರ್ಕ್ ಚೆನ್ನಾಗಿ ಕಾಣುತ್ತಿದೆ, ಇನ್ನೊಂದರಲ್ಲಿ ಆ ಜಾಗ ಖಾಲಿ.

ಎಷ್ಟು ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಮೂರಕ್ಕೆ ಮೂರೂ ಉಲ್ಟಾ. ಆ ಫೋಟೊ ನನಗೂ ಬಂತು, ಮತ್ತು ನಿಜ ಹೇಳಬೇಕು ಅಂದರೆ ಮೊದಲ ನೋಟಕ್ಕೆ ನನಗೂ ಗರಿ ನೋಟೇ ಚೆನ್ನಾಗಿ ಕಂಡಿತು. ಮೂವತ್ತು ವರ್ಷ ನೋಟು ಎಣಿಸಿದ ಕಣ್ಣಿಗೂ ಮೋಸ ಆಗುವ ಫೋಟೊ ಅದು. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ.

ಅಷ್ಟರಲ್ಲಿ ಮನೆಯಲ್ಲಿ ಒಂದು ತೀರ್ಮಾನವೂ ಆಗಿಹೋಗಿತ್ತು. ಒಗೆದ ನೋಟನ್ನು ಬೆಳಗ್ಗೆ ಹೋಟೆಲಿನವರ ಮುಖಕ್ಕೆ ಹಿಡಿಯೋದು, ಗರಿ ನೋಟನ್ನು ಹೋಲ್‌ಸೇಲ್ ಅಂಗಡಿಗೆ ಕೊಡೋದು. ಅಕ್ಕ ಫೋನು ಮಾಡಿದರು.

"ಅಣ್ಣ, ಗ್ರೂಪಲ್ಲಿ ಎಲ್ರೂ ಸ್ಟಾರ್ ಇರೋದು ಖೋಟಾ ಅಂತಾವ್ರೆ. ಹೋಟೆಲ್‌ನವ್ರಿಗೆ ವಾಪಸ್ ಕೊಟ್ಬುಡ್ಲಾ?"

"ಬೇಡ ಕಣಮ್ಮ. ಬೆಳಗಾಗ್ಲಿ. ಎರಡು ನೋಟನ್ನೂ ಬೇರೆ ಕವರಲ್ಲಿ ಇಡಿ, ಯಾರಿಗೂ ಕೊಡ್ಬೇಡಿ, ಯಾರನ್ನೂ ಕೇಳ್ಬೇಡಿ."

ಅವರು ಆ ರಾತ್ರಿ ಸುಮ್ನೆ ಇದ್ದರು. ಇಡೀ ಪ್ರಕರಣ ತಿರುಗಿದ್ದು ಅಲ್ಲೇ.

ನಕ್ಷತ್ರದ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಪ್ರೆಸ್ಸಿನಲ್ಲಿ ಒಂದು ಕಟ್ಟಿನಲ್ಲಿ ಕೆಟ್ಟು ಬಂದ ನೋಟನ್ನು ತೆಗೆದು, ಅದರ ಜಾಗಕ್ಕೆ ಬೇರೆ ನೋಟು ಸೇರಿಸುತ್ತಾರೆ. ಹಾಗೆ ಸೇರಿಸಿದ ನೋಟಿನಲ್ಲಿ ಅಕ್ಷರಕ್ಕೂ ನಂಬರಿಗೂ ಮಧ್ಯೆ ನಕ್ಷತ್ರ ಇರುತ್ತದೆ. ಅದು ಪಕ್ಕಾ ಚಲಾವಣೆಯ ನೋಟು. ಇದೇ ಗಾಳಿಸುದ್ದಿ ಹಬ್ಬಿದಾಗ 2023ರ ಜುಲೈನಲ್ಲಿ ರಿಸರ್ವ್ ಬ್ಯಾಂಕೇ ಸ್ಪಷ್ಟನೆ ಕೊಟ್ಟಿತ್ತು. ಹಸಿರು ದಾರ ಗಾಂಧೀಜಿಗೆ ಹತ್ತಿರ ಇದ್ದರೆ ಖೋಟಾ, ಗವರ್ನರ್ ಸಹಿಗೆ ಹತ್ತಿರ ಇದ್ದರೆ ಅಸಲಿ ಅನ್ನೋ ಮೆಸೇಜೂ ಇಂಥದ್ದೇ. ಅದನ್ನೂ ಸರ್ಕಾರದ ಕಡೆಯಿಂದ ಸುಳ್ಳು ಅಂತ ಹೇಳಿಯಾಗಿದೆ. ಎರಡೂ ಥರದ ನೋಟು ಚಲಾವಣೆಯಲ್ಲಿದೆ.

ಆ ಫೋಟೊ ಯಾಕೆ ಮೋಸ ಮಾಡಿತು

ಐನೂರರ ನೋಟಿನ ಬಲಗಡೆ ಕೆಳಗಿನ ₹500 ಅಂಕಿಯನ್ನು ಬಣ್ಣ ಬದಲಾಯಿಸುವ ಶಾಯಿಯಲ್ಲಿ ಅಚ್ಚು ಹಾಕಿರುತ್ತಾರೆ. ನೇರವಾಗಿ ನೋಡಿದರೆ ಹಸಿರು, ನೋಟನ್ನು ಓರೆ ಮಾಡಿದರೆ ನೀಲಿ. ಈ ಶಾಯಿಯ ಒಳಗೆ ತುಂಬಾ ತೆಳುವಾದ ಪದರಗಳಿರುವ ಪುಡಿ ಇರುತ್ತದೆ. ಬೆಳಕು ಮೇಲಿನ ಪದರದಿಂದಲೂ ಒಳಗಿನ ಪದರದಿಂದಲೂ ವಾಪಸ್ ಬರುತ್ತದೆ, ಎರಡೂ ಕೂಡಿದಾಗ ಯಾವ ಬಣ್ಣ ಉಳಿಯುತ್ತದೆ ಅನ್ನೋದು ನೀವು ಯಾವ ಕೋನದಿಂದ ನೋಡುತ್ತೀರಿ ಅನ್ನೋದರ ಮೇಲೆ ನಿಂತಿದೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಹರಿದಾಡುತ್ತದಲ್ಲ, ಹತ್ತಿರಹತ್ತಿರ ಅದೇ ಆಟ. ಮಾಮೂಲಿ ಶಾಯಿಗೆ ಈ ಗುಣ ಇಲ್ಲ. ಬಣ್ಣದ ಝೆರಾಕ್ಸ್ ಮೆಷಿನ್ನು ಒಂದು ಕೋನದ ಬಣ್ಣವನ್ನು ಮಾತ್ರ ಹಿಡಿಯುತ್ತದೆ, ಆಮೇಲೆ ಅದು ಎಷ್ಟು ಓರೆ ಮಾಡಿದರೂ ಅದೇ ಬಣ್ಣ. ಇಂಥ ಶಾಯಿ ಮಾಡುವ ಘಟಕ ದೂರ ಎಲ್ಲೋ ಇಲ್ಲ, ನಮ್ಮ ಮೈಸೂರಿನಲ್ಲೇ ಇದೆ. ನೋಟು ಮುದ್ರಣದ ಕಂಪನಿಯ 'ವರ್ಣಿಕಾ' ಅನ್ನೋ ಘಟಕ, 2022ರಲ್ಲಿ ಉದ್ಘಾಟನೆ ಆಯಿತು.

ಈಗ ಮಗ ತೆಗೆದ ಫೋಟೊಗೆ ಬನ್ನಿ. ಒಗೆದ ನೋಟಿನ ಬಲತುದಿ ಮೇಲಕ್ಕೆ ಬಾಗಿತ್ತು ಅಂದೆನಲ್ಲ, ಆ ಅಂಕಿ ಇರುವುದೂ ಅದೇ ತುದಿಯಲ್ಲಿ. ನೋಟು ಮೇಜಿನ ಮೇಲೆ ಮಲಗಿದ್ದರೂ ಅಂಕಿ ಮಾತ್ರ ಓರೆಯಾಗಿತ್ತು. ಹಾಗಾಗಿ ನೀಲಿ ಬಂತು. ಅಸಲಿ ಶಾಯಿ ಮಾಡಬೇಕಾದ ಕೆಲಸವನ್ನೇ ಮಾಡಿತ್ತು, ಜನ ಅದನ್ನೇ ತಪ್ಪು ಅಂದರು. ಗರಿ ನೋಟಿನದು ಹೊಳೆಯುವ ಹಸಿರು ಬಣ್ಣ, ಬೇರೇನೂ ಇಲ್ಲ. ಒಂದೇ ಫೋಟೊದಲ್ಲಿ ಈ ಶಾಯಿಯನ್ನು ಪರೀಕ್ಷೆ ಮಾಡಲು ಆಗುವುದೇ ಇಲ್ಲ. ಕಡಿಮೆ ಅಂದರೆ ಎರಡು ಕೋನ ಬೇಕು.

ವಾಟರ್‌ಮಾರ್ಕ್ ಕಥೆ ಇನ್ನೂ ಮುಖ್ಯ. ಅದು ಅಚ್ಚಲ್ಲ. ಹತ್ತಿಯ ಕಾಗದ ಇನ್ನೂ ಹಸಿಯಾಗಿರುವಾಗಲೇ ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು ಮಾಡಿರುತ್ತಾರೆ. ತೆಳು ಇದ್ದಲ್ಲಿ ಹಿಂದಿನ ಬೆಳಕು ಜಾಸ್ತಿ ತೂರಿ ಬರುತ್ತದೆ, ದಪ್ಪ ಇದ್ದಲ್ಲಿ ಕಡಿಮೆ. ಹಾಗೆ ಗಾಂಧೀಜಿ ಮುಖ ಮೂಡುತ್ತದೆ. ಅಂದರೆ ಬೆಳಕು ಹಿಂದಿನಿಂದ ಬರಬೇಕು. ಮುಂದಿನಿಂದ ಫ್ಲ್ಯಾಶ್ ಹೊಡೆದರೆ ಅಸಲಿ ವಾಟರ್‌ಮಾರ್ಕ್ ಹೆಚ್ಚುಕಡಿಮೆ ಮಾಯ ಆಗುತ್ತದೆ, ಕಂಡರೂ ತುಂಬಾ ಮಸುಕು. ಮೇಜಿನ ಮೇಲೆ ಇಟ್ಟ ನೋಟಿನಲ್ಲಿ ಫ್ಲ್ಯಾಶ್ ಹಾಕಿಯೂ ಮುಖ ಚೆನ್ನಾಗಿ ಕಾಣುತ್ತಿದೆ ಅಂದರೆ ಅದನ್ನು ಬೂದು ಬಣ್ಣದಲ್ಲಿ ಅಚ್ಚು ಹಾಕಿರುವ ಸಾಧ್ಯತೆಯೇ ಜಾಸ್ತಿ. ಗ್ರೂಪಿನಲ್ಲಿ ಯಾವುದನ್ನು ನೋಡಿ ಒಳ್ಳೇ ನೋಟು ಅಂದರೋ ಅದೇ ಗರಿ ನೋಟಿನ ವಿರುದ್ಧ ಮೊದಲ ಸಾಕ್ಷಿ ಆಗಿತ್ತು.

ಬೆಳಗ್ಗೆ ಮಾಡಿದ್ದು

ಶನಿವಾರ ಬೆಳಗ್ಗೆ ನಾನು ಅವರಿಗೆ ಒಂದು ಫೋಟೊ, ಒಂದು ಸಣ್ಣ ವಿಡಿಯೊ ಕೇಳಿದೆ. ಜೊತೆಗೆ ಒಂದು ಷರತ್ತು. ಮನೆಯಲ್ಲಿ ಇರುವ, ಎಟಿಎಮ್ಮಿನಿಂದ ತೆಗೆದ ಇನ್ನೊಂದು ಐನೂರರ ನೋಟು ಪ್ರತಿ ಸಲವೂ ಪಕ್ಕದಲ್ಲೇ ಇರಬೇಕು. ಒಂದೇ ಬೆಳಕು, ಒಂದೇ ಕೋನ, ಒಂದೇ ಫ್ರೇಮು. ಹೋಲಿಕೆಗೆ ಒಳ್ಳೇ ನೋಟು ಇಲ್ಲದಿದ್ದರೆ ಫೋನಿನ ಕ್ಯಾಮೆರಾ ತನಗೆ ತೋಚಿದ ಹಾಗೆ ಬಣ್ಣ ತಿದ್ದಿಬಿಡುತ್ತದೆ. ಹಳದಿ ಬಲ್ಬಿನ ಕೆಳಗೆ ತೆಗೆದದ್ದಕ್ಕೂ ಬಿಳಿ ಬಲ್ಬಿನ ಕೆಳಗೆ ತೆಗೆದದ್ದಕ್ಕೂ ಬಣ್ಣ ಬೇರೆ ಬರುತ್ತದೆ, ಆಗ ಯಾವುದು ಸರಿ ಅಂತ ಹೇಳಲು ಆಗಲ್ಲ.

ಮೊದಲು ಹಿಂಬದಿ ಬೆಳಕಿನ ಫೋಟೊ. ಮಗ ಇನ್ನೊಂದು ಫೋನಿನ ಟಾರ್ಚನ್ನು ನೋಟಿನ ಹಿಂದೆ ಹಿಡಿದು ತೆಗೆದ. ಕೆಟ್ಟುಹೋಯಿತು. ಟಾರ್ಚು ಇದ್ದ ಜಾಗದಲ್ಲಿ ಬೆಳ್ಳಗೆ ಒಂದು ಉಂಡೆ, ಸುತ್ತ ಕತ್ತಲು. ಆಮೇಲೆ ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ, ಅದರ ಮುಂದೆ ಮೂರೂ ನೋಟನ್ನು ಹಿಡಿಸಿದೆ. ಫ್ಲ್ಯಾಶ್ ಆಫ್. ಫೋನಿನ ಸ್ಕ್ರೀನಿನ ಮೇಲೆ ನೋಟಿನ ಬಲಗಡೆಯ ಖಾಲಿ ಜಾಗವನ್ನೇ ಬೆರಳಲ್ಲಿ ಒತ್ತಿ, ಫೋಕಸ್ ಆದ ಮೇಲೆ ತೆಗೆಯಲು ಹೇಳಿದೆ. ಕಳಿಸುವಾಗ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸು ಅಂದೆ. ಇಲ್ಲದಿದ್ದರೆ ವಾಟ್ಸಾಪು ಫೋಟೊವನ್ನು ಕುಗ್ಗಿಸಿ ಸಣ್ಣ ಗೆರೆಗಳನ್ನೆಲ್ಲ ಕಲಸಿಬಿಡುತ್ತದೆ.

ಈ ಒಂದು ಫೋಟೊದಲ್ಲಿ ಮೂರು ವಿಷಯ ಒಟ್ಟಿಗೆ ಸಿಗುತ್ತದೆ, ಅದಕ್ಕೇ ನನಗೆ ಇದು ಇಷ್ಟ.

ಒಗೆದ ನೋಟಿನಲ್ಲಿ ವಾಟರ್‌ಮಾರ್ಕ್ ಮುಖ ಎದ್ದು ಬಂತು. ಕೆನ್ನೆಯ ಹತ್ತಿರ ತಿಳಿ, ಕನ್ನಡಕದ ಹತ್ತಿರ ಗಾಢ, ಮಧ್ಯೆ ಮೆಲ್ಲಗೆ ಕರಗುವ ನೆರಳು. ಎಲ್ಲೂ ಪೆನ್ನಿನಲ್ಲಿ ಬರೆದ ಹಾಗೆ ಅಂಚು ಇಲ್ಲ. ಅದರ ಪಕ್ಕದಲ್ಲೇ 500 ಅನ್ನೋ ಅಂಕಿ ಮಾತ್ರ ಸುತ್ತಲಿನ ಕಾಗದಕ್ಕಿಂತ ಬೆಳ್ಳಗೆ ಚುರುಕಾಗಿ ಹೊಳೆಯುತ್ತಿತ್ತು. ಗರಿ ನೋಟಿನಲ್ಲಿ ಹಿಂದಿನ ರಾತ್ರಿ ಕಂಡ ಅದೇ ಬೂದು ಮುಖ, ಒಂದೇ ಥರದ ಬೂದು, ಸುತ್ತ ಗೆರೆ. ಹಿಂದೆ ಬೆಳಕು ಬಂದರೂ ಅದಕ್ಕೇನೂ ಆಗಲಿಲ್ಲ. ಅಂಕಿ ಇದ್ದದ್ದೂ ಬೂದಾಗಿಯೇ, ಬೆಳ್ಳಗೆ ಅಲ್ಲ.

ಎರಡನೆಯದು ದಾರ. ನೋಟಿನ ಮುಂಭಾಗದಲ್ಲಿ ದಾರ ತುಂಡುತುಂಡಾಗಿ ಕಾಣುತ್ತದೆ, ಹೊಲಿಗೆ ಹಾಕಿದ ಹಾಗೆ. ಕಾಗದ ಮಾಡುವಾಗಲೇ ಅದನ್ನು ಒಳಗೆ ನೇಯ್ದ ಹಾಗೆ ಸೇರಿಸಿರುವುದರಿಂದ ಕೆಲವು ಕಡೆ ಮೇಲೆ ಬರುತ್ತದೆ, ಕೆಲವು ಕಡೆ ಒಳಗೆ ಹೋಗುತ್ತದೆ. ಬೆಳಕಿಗೆ ಹಿಡಿದರೆ ಒಳಗಿನ ಭಾಗವೂ ಕಂಡು, ಮೇಲಿಂದ ಕೆಳಗಿನವರೆಗೆ ಒಂದೇ ಪಟ್ಟಿ ಆಗಬೇಕು. ಒಗೆದ ನೋಟಿನಲ್ಲಿ ಹಸಿರು ಅಲ್ಲಲ್ಲಿ ಸವೆದಿದ್ದರೂ ಪಟ್ಟಿ ಒಂದೇ ಆಗಿ ನಿಂತಿತ್ತು. ಗರಿ ನೋಟಿನಲ್ಲಿ ತುಂಡುಗಳು ತುಂಡುಗಳಾಗಿಯೇ ಉಳಿದವು. ಮಧ್ಯೆ ಏನೂ ಇಲ್ಲ, ಬರೀ ಕಾಗದ.

ಮೂರನೆಯದು ಎಡಗಡೆ ಇರುವ ಸಣ್ಣ 500. ಅದರ ಅರ್ಧ ಮುಂದೆ, ಅರ್ಧ ಹಿಂದೆ ಅಚ್ಚಾಗಿರುತ್ತದೆ. ಬೆಳಕಿಗೆ ಹಿಡಿದಾಗ ಎರಡೂ ಕೂಡಿ ಪೂರ್ತಿ ಅಂಕಿ ಆಗಬೇಕು. ಎಟಿಎಮ್ಮಿನ ನೋಟು, ಒಗೆದ ನೋಟು ಎರಡರಲ್ಲೂ ಕೂಡಿತ್ತು. ಗರಿ ನೋಟಿನಲ್ಲಿ ಸ್ವಲ್ಪ ಸರಿದು, ಅಂಕಿ ಎರಡೆರಡಾಗಿ ಕಂಡಿತು. ಇದೊಂದನ್ನೇ ನೋಡಿ ನಾನು ಯಾವ ನೋಟನ್ನೂ ಖೋಟಾ ಅನ್ನಲ್ಲ, ಯಾಕೆಂದರೆ ಇದು ಕೂದಲೆಳೆಯ ಲೆಕ್ಕ, ಫೋನು ಸ್ವಲ್ಪ ಅಲುಗಿದರೂ ಎರಡೆರಡಾಗಿ ಕಾಣಬಹುದು. ಮೊದಲ ಎರಡರ ಜೊತೆ ಸೇರಿದರೆ ಬೆಲೆ ಇದೆ.

ಆಮೇಲೆ ವಿಡಿಯೊ. ಮೂರೂ ನೋಟನ್ನು ಒಂದು ರಟ್ಟಿನ ಮೇಲೆ ಸಾಲಾಗಿ ಇಟ್ಟು, ತುದಿಗೆ ಕ್ಲಿಪ್ಪು ಹಾಕಿ, ಅಂಗಡಿ ಬಾಗಿಲ ಬೆಳಕಿನಲ್ಲಿ ರಟ್ಟನ್ನೇ ಮೆಲ್ಲಗೆ ಓರೆ ಮಾಡಿದರು. ಫೋನು ಅಲ್ಲಾಡಲಿಲ್ಲ, ರಟ್ಟು ಮಾತ್ರ ಅಲ್ಲಾಡಿತು. ಹತ್ತು ಸೆಕೆಂಡು ಸಾಕಾಯಿತು. ಎಟಿಎಮ್ಮಿನ ನೋಟಿನ ಅಂಕಿ ಹಸಿರಿಂದ ನೀಲಿಗೆ ಹೋಯಿತು, ದಾರವೂ ಹಾಗೇ ಹೋಯಿತು. ಒಗೆದ ನೋಟಿನದು ಮಸುಕಾಗಿದ್ದರೂ ಜೊತೆಜೊತೆಗೇ ನೀಲಿಯಾಯಿತು. ಗರಿ ನೋಟಿನ ಅಂಕಿ ಮಿಂಚಿತು, ಕತ್ತಲಾಯಿತು, ಮತ್ತೆ ಮಿಂಚಿತು, ಆದರೆ ಹಸಿರು ಬಿಟ್ಟು ಕದಲಲಿಲ್ಲ. ಮಿಂಚುವುದು ಬೇರೆ, ಬಣ್ಣ ಬದಲಾಗುವುದು ಬೇರೆ. ಕರೆಂಟು ಹೋದ ಅಂಗಡಿಯಲ್ಲಿ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಅದಕ್ಕೇ ಆ ನೋಟು ಆ ಹೊತ್ತಿನಲ್ಲಿ ಸಿಕ್ಕಿಬೀಳಲಿಲ್ಲ.

"ಅಯ್ಯೋ, ಹೋಟೆಲ್‌ನವ್ರ ಜೊತೆ ಸುಮ್ನೆ ಜಗಳ ಆಡ್ತಿದ್ದೆ ನೋಡಿ" ಅಂದರು ಅಕ್ಕ. ಐನೂರು ಹೋದದ್ದಕ್ಕಿಂತ ಆ ಮಾತೇ ಅವರಿಗೆ ಜಾಸ್ತಿ ತಾಕಿತ್ತು.

ಗರಿ ನೋಟನ್ನು ಏನು ಮಾಡುವುದು

ಇಲ್ಲಿ ಗಂಡನಿಗೂ ನನಗೂ ಸ್ವಲ್ಪ ಮಾತಾಯಿತು. 860ರ ವ್ಯಾಪಾರದಲ್ಲಿ ಉಳಿಯುವುದೇ ಅರವತ್ತೋ ಎಪ್ಪತ್ತೋ, ಐನೂರು ಕಳೆದುಕೊಂಡರೆ ಎಷ್ಟು ದಿನ ದುಡಿಯಬೇಕು ಅಂತ ಅವರ ನೋವು. ಯಾರಿಗಾದರೂ ದಾಟಿಸಿಬಿಟ್ಟರೆ ಮುಗೀತಲ್ಲ ಅಂದರು. ಆ ನೋವು ನಿಜ, ಆದರೆ ದಾಟಿಸುವುದು ಆಗಲ್ಲ. ಗೊತ್ತಿಲ್ಲದೆ ಒಂದು ಖೋಟಾ ನೋಟು ಕೈಗೆ ಬಂದರೆ ಅದು ಅಪರಾಧ ಅಲ್ಲ. ಖೋಟಾ ಅಂತ ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣ ಇದ್ದು, ಅಸಲಿ ಅಂತ ಚಲಾಯಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಂ ಪ್ರಕಾರ ದೊಡ್ಡ ಅಪರಾಧ. ಇವರ ಫೋನಿನಲ್ಲಿ ಫೋಟೊ, ವಿಡಿಯೊ, ಗ್ರೂಪಿನ ಮಾತು ಎಲ್ಲ ಇದೆ. ಗೊತ್ತಿರಲಿಲ್ಲ ಅಂತ ಹೇಳುವ ಹಾಗೇ ಇಲ್ಲ. ಅದಕ್ಕಿಂತ ಮೊದಲು, ಆ ಐನೂರು ಹೋಗಿ ಬೀಳುವುದು ಇನ್ನೊಂದು ಸಣ್ಣ ಅಂಗಡಿಯ ತಲೆ ಮೇಲೆ.

ಅವರ ಇನ್ನೊಂದು ಹೆದರಿಕೆ ಪೊಲೀಸ್. ಬ್ಯಾಂಕಿಗೆ ಕೊಂಡುಹೋದರೆ ಅಲ್ಲೇ ಹಿಡಿದುಕೊಳ್ಳುತ್ತಾರೆ ಅಂತ ತುಂಬಾ ಜನ ತಿಳಿದಿದ್ದಾರೆ. ನಿಯಮ ಹಾಗಿಲ್ಲ. ಒಂದು ಸಲಕ್ಕೆ ನಾಲ್ಕು ಖೋಟಾ ನೋಟಿನವರೆಗೆ ಸಿಕ್ಕಿದರೆ ಬ್ಯಾಂಕಿನವರು ತಿಂಗಳ ಕೊನೆಗೆ ಒಟ್ಟಿಗೆ ಪೊಲೀಸರಿಗೆ ವರದಿ ಕೊಡುತ್ತಾರೆ. ಐದು ಅಥವಾ ಜಾಸ್ತಿ ಸಿಕ್ಕಿದರೆ ಕೂಡಲೇ ಎಫ್‌ಐಆರ್‌ಗೆ ಕಳಿಸಬೇಕು. ಇವರದು ಒಂದು.

ಸೋಮವಾರ ಎರಡೂ ನೋಟು ತಗೊಂಡು ತಮ್ಮ ಬ್ಯಾಂಕಿಗೆ ಹೋದರು. ಕ್ಯಾಶಿಯರಿಗೆ ಮೊದಲೇ ಹೇಳಿದರು, ಇದರ ಮೇಲೆ ಅನುಮಾನ ಇದೆ, ನೋಡಿ ಅಂತ. ಮೆಷಿನ್ನಿಗೆ ಹಾಕಿದಾಗ ಒಗೆದ ನೋಟು ದಾಟಿ ಖಾತೆಗೆ ಜಮಾ ಆಯಿತು, ನಕ್ಷತ್ರದ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ. ಗರಿ ನೋಟು ನಿಂತಿತು. ಅದರ ಮೇಲೆ ಖೋಟಾ ಅನ್ನೋ ಸೀಲು ಹೊಡೆದು, ರಿಜಿಸ್ಟರಿನಲ್ಲಿ ಬರೆದು, ನಂಬರು ಹಾಕಿದ ರಸೀತಿ ಕೊಟ್ಟರು. ದುಡ್ಡು ವಾಪಸ್ ಬರಲ್ಲ, ನೋಟೂ ವಾಪಸ್ ಕೊಡಲ್ಲ, ಕೊಡಬಾರದು ಕೂಡ. ಆ ರಸೀತಿಯನ್ನು ಕೇಳಿ ಪಡೆಯಿರಿ, ಪಡೆದು ಇಟ್ಟುಕೊಳ್ಳಿ. ನೋಟು ಎಲ್ಲಿ ಹೋಯಿತು ಅನ್ನುವುದಕ್ಕೆ ಅದೇ ನಿಮ್ಮ ದಾಖಲೆ.

ಬೈಕಿನವರ ಬಗ್ಗೆ ಗ್ರೂಪಿನಲ್ಲಿ ಹಾಕೋಣ ಅಂತ ಮಗ ಹೇಳಿದ. ಬೇಡ ಅಂದೆ. ಅವರು ಕೊಟ್ಟ ಇನ್ನೊಂದು ಐನೂರು ಅಸಲಿಯೇ ಇತ್ತು. ಅವರಿಗೂ ಯಾರೋ ಸಂತೆಯಲ್ಲಿ ದಾಟಿಸಿರಬಹುದು.

ಈಗ ಅಂಗಡಿಯಲ್ಲಿ

ಚಾರ್ಜಿಂಗ್ ಬಲ್ಬನ್ನು ಹಿಂದಿನ ಗೋಡೆಯಿಂದ ತೆಗೆದು ಗಲ್ಲಾದ ಮೇಲೆ, ಕೂತವರ ತಲೆಗಿಂತ ಸ್ವಲ್ಪ ಮುಂದೆ ತೂಗುಹಾಕಿದ್ದಾರೆ. ಐನೂರರ ನೋಟು ಬಂದರೆ ಅಕ್ಕ ಅದನ್ನು ಒಂದು ಸಲ ಓರೆ ಮಾಡುತ್ತಾರೆ, ಒಂದು ಸಲ ಬಲ್ಬಿನ ಕಡೆ ಎತ್ತುತ್ತಾರೆ, ಅಂಚಿನ ಐದು ಓರೆ ಗೆರೆಗಳ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಆ ಗೆರೆಗಳು ಉಬ್ಬಿರುತ್ತವೆ, ಆ ರಾತ್ರಿ ಬೆರಳಿಗೆ ನುಣುಪು ಅನ್ನಿಸಿದ್ದು ಅದಕ್ಕೇ. ಹಳೇ ನೋಟಿನಲ್ಲಿ ಉಬ್ಬು ಸವೆದಿರುತ್ತದೆ, ಹಾಗಾಗಿ ಬೆರಳೊಂದನ್ನೇ ನಂಬಬೇಡಿ ಅಂತ ಹೇಳಿದ್ದೇನೆ. ಗಿರಾಕಿಗೆ ಕೆಟ್ಟದಾಗಿ ಅನ್ನಿಸುವಷ್ಟು ಹೊತ್ತೇನೂ ಹಿಡಿಯಲ್ಲ. ಫೋಟೊ ತೆಗೆಯುವುದು ಅನುಮಾನ ಬಂದಾಗ ಮಾತ್ರ, ಅದೂ ಒಳ್ಳೇ ನೋಟಿನ ಪಕ್ಕದಲ್ಲಿಟ್ಟು. ಫೋಟೊ ಅನುಮಾನವನ್ನು ಗಟ್ಟಿ ಮಾಡಬಹುದು, ನೋಟು ಅಸಲಿ ಅಂತ ಸರ್ಟಿಫಿಕೇಟ್ ಕೊಡಲ್ಲ. ಅದು ಬ್ಯಾಂಕಿನ ಕೆಲಸ. ಹೋಲಿಸಲು ಚಿತ್ರ ಬೇಕು ಅಂದರೆ ರಿಸರ್ವ್ ಬ್ಯಾಂಕಿನ paisaboltahai.rbi.org.in ನಲ್ಲಿ ಒಂದೊಂದು ನೋಟಿನ ಗುರುತುಗಳೂ ಇವೆ. ರಿಸರ್ವ್ ಬ್ಯಾಂಕಿನದೇ MANI ಅನ್ನೋ ಆ್ಯಪನ್ನು ಮಗ ಹಾಕಿಕೊಂಡಿದ್ದ. ಅದು ಕಣ್ಣು ಕಾಣದವರಿಗೆ ನೋಟು ಎಷ್ಟು ರೂಪಾಯಿದು ಅಂತ ಹೇಳಲು ಮಾಡಿದ್ದು, ಅಸಲಿಯೋ ಖೋಟಾನೋ ಅಂತ ಹೇಳಲ್ಲ.

ಸ್ವಲ್ಪ ದಿನ ಬಿಟ್ಟು ಅಕ್ಕನೇ ಒಂದು ವಿಡಿಯೊ ಕಳಿಸಿದರು. ನೇರಳೆ ಬಣ್ಣದ ನೂರರ ನೋಟು, ರಟ್ಟಿನ ಮೇಲೆ ಕ್ಲಿಪ್ಪು ಹಾಕಿ ಓರೆ ಮಾಡಿದ್ದಾರೆ. "ಅಣ್ಣ, ದಾರ ನೀಲಿ ಆಯ್ತದೆ, ಅಂಕಿ ಬದಲಾಗ್ತಾ ಇಲ್ಲ, ಇದೂ ಅಂಥದ್ದೇನಾ?" ಅಲ್ಲ. ಬಣ್ಣ ಬದಲಾಗುವ ಅಂಕಿ ಇರುವುದು ಐನೂರು ಮತ್ತು ಇನ್ನೂರರ ನೋಟಿನಲ್ಲಿ. ನೂರರಲ್ಲಿ ದಾರ ಮಾತ್ರ ಬಣ್ಣ ಬದಲಾಯಿಸುತ್ತದೆ. ಆ ನೂರನ್ನು ಗಲ್ಲಾಗೆ ಹಾಕಿಕೊಳ್ಳಿ ಅಂದೆ.